ನಾಲ್ಕು ಸಿಲಿಂಡರ್ ಗಾಡಿ ಮುಳ್ಳಯ್ಯನಗಿರಿ ಏರಲ್ಲ ಅಂದರು: ಒಂದು ಪ್ರಕರಣ

ದೂರು ಇಷ್ಟೇ. 650 ಸಿಸಿಯ ನಾಲ್ಕು ಸಿಲಿಂಡರ್ ಬೈಕ್, ಕಾಗದದ ಮೇಲೆ ಹತ್ತಿರ ಹತ್ತಿರ 87 ಕುದುರೆ ಶಕ್ತಿ. ಮುಳ್ಳಯ್ಯನಗಿರಿಯ ಕೊನೆಯ ತಿರುವುಗಳಲ್ಲಿ ಪಿಕಪ್ ಇಲ್ಲ, ಹೇರ್‌ಪಿನ್‌ನಲ್ಲಿ ಆಫ್ ಆಗುತ್ತೆ, ಒಮ್ಮೆ ಬಿದ್ದು ಕ್ಲಚ್ ಲಿವರ್ ಬಾಗಿದೆ. ಅದೇ ರಸ್ತೆಯಲ್ಲಿ 20 ಕುದುರೆ ಶಕ್ತಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ನಮ್ಮ ಬಾಯಲ್ಲಿ ಬರೀ ಬುಲೆಟ್, ಆರಾಮಾಗಿ ಮುಂದೆ ಹೋಗಿದೆ. ಗಾಡಿ ನಮ್ಮ ಭಾವನದು. ಕ್ಲಾಸಿಕ್ ಅವರ ಮಗನದು. ಅಂದರೆ ಅದೂ ಮೊದಲು ಭಾವನದೇ, ದೊಡ್ಡ ಗಾಡಿ ಬಂದ ಮೇಲೆ ಮಗನ ಕೈಗೆ ಹೋಯಿತು. ನಾನು ಹಾಸನದಲ್ಲಿ ಗ್ಯಾರೇಜ್ ಇಟ್ಟುಕೊಂಡವನು, ಆವತ್ತು ನನ್ನ ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ 650ಯಲ್ಲಿ ಜೊತೆಗಿದ್ದೆ. ಹಾಗಾಗಿ ಒಂದೇ ರಸ್ತೆಯಲ್ಲಿ, ಒಂದೇ ದಿನ, ಒಂದು ಸಿಲಿಂಡರ್, ಎರಡು ಸಿಲಿಂಡರ್, ನಾಲ್ಕು ಸಿಲಿಂಡರ್ ಮೂರೂ ಇದ್ದವು. ಇಂಥ ಜೋಡಣೆ ಹುಡುಕಿದರೂ ಸಿಗಲ್ಲ.

"ಇಂಜಿನ್‌ನಲ್ಲಿ ಏನೋ ಐಬು ಇದೆ ಕಣೋ. ಇಷ್ಟು ದುಡ್ಡು ಕೊಟ್ಟು ತಗೊಂಡು ಬುಲೆಟ್ ಹಿಂದೆ ಹೋಗಬೇಕಾ?" ಅಂತ ಭಾವ ಗಾಡಿಯನ್ನು ಗ್ಯಾರೇಜಿಗೇ ತಂದು ನಿಲ್ಲಿಸಿದರು.

ಮೊದಲು ಮಾಮೂಲಿ ತಪಾಸಣೆ. ಸ್ಕ್ಯಾನರ್ ಹಾಕಿದೆ, ಯಾವ ದೋಷದ ಕೋಡೂ ಇಲ್ಲ. ಏರ್ ಫಿಲ್ಟರ್ ಸ್ವಚ್ಛ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರೆ ಬಣ್ಣ ಒಂದೇ ಥರ. ಕ್ಲಚ್ ಕೇಬಲ್‌ನ ಸಡಿಲ ಸರಿಯಾಗಿತ್ತು, ಆದರೆ ಕ್ಲಚ್ ಸ್ವಲ್ಪ ಕಾದ ವಾಸನೆ ಹಿಡಿದಿತ್ತು. ಅದನ್ನು ಬದಿಗೆ ಬರೆದಿಟ್ಟುಕೊಂಡೆ. ನಾಲ್ಕು ಸಿಲಿಂಡರ್‌ನಲ್ಲಿ ಒಂದು ಸತ್ತಿದ್ದರೆ ಗೊತ್ತಾಗುವುದು ಸುಲಭ: ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ನಾಲ್ಕೂ ಸೈಲೆನ್ಸರ್ ಪೈಪಿನ ಮೇಲೆ ಒಂದೊಂದು ಹನಿ ನೀರು ಹಾಕಿದರೆ ಸತ್ತಿರುವ ಸಿಲಿಂಡರಿನ ಪೈಪ್ ಮೇಲೆ ನೀರು ಹಾಗೇ ಕೂರುತ್ತೆ. ಇಲ್ಲಿ ನಾಲ್ಕರಲ್ಲೂ ಚುರ್ ಅಂತು. ಗಾಡಿ ಚೆನ್ನಾಗಿದೆ.

ಹಾಗಾದರೆ ಬೆಟ್ಟದಲ್ಲಿ ಆಗಿದ್ದೇನು? ಭಾವನ ಹೆಲ್ಮೆಟ್‌ನಲ್ಲಿ ಕ್ಯಾಮೆರಾ ಇತ್ತು, ಮಗನ ಹೆಲ್ಮೆಟ್‌ನಲ್ಲೂ ಇತ್ತು. ನನ್ನ ಗಾಡಿಗೆ ಫೋನ್ ಕಟ್ಟಿದ್ದೆ. ವಿಡಿಯೋದಲ್ಲಿ ಮೀಟರ್ ಸರಿಯಾಗಿ ಕಾಣುತ್ತಿರಲಿಲ್ಲ, ಬಿಸಿಲು ಹೊಡೆದಿತ್ತು. ಆದರೆ ಶಬ್ದ ಇತ್ತು. ತಿರುವಿನಲ್ಲಿ ವೇಗ ಕಡಿಮೆ, ಗಾಳಿಯ ಗಲಾಟೆ ಇಲ್ಲ, ಇಂಜಿನ್ ಶಬ್ದ ಚೆನ್ನಾಗಿ ಬಿದ್ದಿತ್ತು. ಅದೇ ಸಾಕು. ಇಂಜಿನ್ ಶಬ್ದ ಅಂದರೆ ಏನು? ಸಿಲಿಂಡರಿನೊಳಗೆ ಪ್ರತಿ ಸಲ ಇಂಧನ ಉರಿದು ಹೊಗೆ ಹೊರಗೆ ನುಗ್ಗಿದಾಗ ಒಂದು ಗುದ್ದು. ಸೆಕೆಂಡಿಗೆ ಎಷ್ಟು ಗುದ್ದು ಅಂತ ಎಣಿಸಿದರೆ ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿತ್ತು ಅಂತ ಲೆಕ್ಕ ಹಾಕಬಹುದು.

ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಒಮ್ಮೆ ಉರಿಯಬೇಕಾದರೆ ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗಬೇಕು, ಅಂದರೆ 720 ಡಿಗ್ರಿ. ಒಂದೇ ಸಿಲಿಂಡರ್ ಇದ್ದರೆ ಎರಡು ಸುತ್ತಿಗೆ ಒಂದು ಗುದ್ದು. ಎರಡಿದ್ದರೆ ಎರಡು. ನಾಲ್ಕಿದ್ದರೆ ನಾಲ್ಕು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದೇ ಆರ್‌ಪಿಎಂ. ಹಾಗಾಗಿ ಅದರ ಸೂತ್ರ ಹೀಗೆ:

```
rpm = ಸೆಕೆಂಡಿಗೆ ಗುದ್ದು × 120 ÷ ಸಿಲಿಂಡರ್ ಸಂಖ್ಯೆ
```

ಒಂದು ಸಿಲಿಂಡರ್‌ಗೆ 120ರಿಂದ ಗುಣಿಸಿ, ಎರಡಕ್ಕೆ 60ರಿಂದ, ನಾಲ್ಕಕ್ಕೆ 30ರಿಂದ. ವಿಡಿಯೋದಿಂದ ಆಡಿಯೋ ತೆಗೆದು Audacity ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ಗೆ ಹಾಕಿದೆ. ಅಲೆಯನ್ನು ಹಿಗ್ಗಿಸಿ ನೋಡಿದರೆ ಗುದ್ದುಗಳು ಕಣ್ಣಿಗೇ ಕಾಣುತ್ತವೆ, ಎಣಿಸಬಹುದು.

ಮೂರೂ ಗಾಡಿಗಳು ಒಂದೇ ತಿರುವಿನಿಂದ ಹೊರಬರುವ ಜಾಗ ಆರಿಸಿದೆ. ಸೀತಾಳಯ್ಯನಗಿರಿ ದಾಟಿದ ಮೇಲೆ ರಸ್ತೆ ಕಿರಿದಾಗಿ ಕಡಿದಾಗುವ ಕಡೆ. ವೇಗ ಮೂವರದ್ದೂ ಹೆಚ್ಚು ಕಡಿಮೆ 22 ಕಿಲೋಮೀಟರ್.

ಕ್ಲಾಸಿಕ್‌ನಲ್ಲಿ ಸೆಕೆಂಡಿಗೆ ಸುಮಾರು 25 ಗುದ್ದು. 120ರಿಂದ ಗುಣಿಸಿದರೆ 3,000 ಆರ್‌ಪಿಎಂ. ಹುಡುಗ ಒಂದನೇ ಗೇರ್‌ನಲ್ಲಿದ್ದ. ನನ್ನ ಇಂಟರ್‌ಸೆಪ್ಟರ್‌ನಲ್ಲಿ ಸೆಕೆಂಡಿಗೆ 40 ಗುದ್ದು, 2,400 ಆರ್‌ಪಿಎಂ, ನಾನೂ ಒಂದನೇ ಗೇರ್‌ನಲ್ಲೇ. ಭಾವನ ಗಾಡಿಯಲ್ಲಿ ಸೆಕೆಂಡಿಗೆ 55. ಕೇಳುವುದಕ್ಕೆ ಅದೇ ಎಲ್ಲಕ್ಕಿಂತ ಏರಿದ ದನಿ. ಆದರೆ 30ರಿಂದ ಗುಣಿಸಿದರೆ ಬರೋದು 1,650 ಆರ್‌ಪಿಎಂ!

ಅಂದರೆ ಕಿವಿಗೆ ಎಲ್ಲಕ್ಕಿಂತ ಜಾಸ್ತಿ ದುಡಿಯುತ್ತಿದೆ ಅನಿಸಿದ ಇಂಜಿನ್ನೇ ಎಲ್ಲಕ್ಕಿಂತ ನಿಧಾನಕ್ಕೆ ತಿರುಗುತ್ತಿತ್ತು. ಪ್ರಕರಣದ ಗಂಟು ಇಲ್ಲೇ ಇದೆ.

ಆ ವೇಗಕ್ಕೆ 1,650 ಬರಬೇಕಾದರೆ ಗೇರ್ ಯಾವುದಿರಬೇಕು ಅಂತ ಆ ಗಾಡಿಯ ಗೇರ್ ಅನುಪಾತದಿಂದ ಲೆಕ್ಕ ಹಾಕಿದೆ. ಮೂರನೇ ಗೇರ್. ಭಾವನನ್ನು ಕೇಳಿದೆ, ಒಪ್ಪಲಿಲ್ಲ. "ಮೂರನೇ ಗೇರ್‌ನಲ್ಲಿ ಯಾರಾದರೂ ಹೇರ್‌ಪಿನ್ ಹತ್ತಿಸ್ತಾರೇನೋ?" ಅಂದರು. ವಿಡಿಯೋವನ್ನು ಹಿಂದೆ ಓಡಿಸಿ ಗೇರ್ ಬದಲಿಸಿದ ಸದ್ದನ್ನು ಒಂದೊಂದಾಗಿ ಕೇಳಿಸಿದೆ. ಹಿಂದಿನ ನೇರ ರಸ್ತೆಯಲ್ಲಿ ಒಂದು, ಎರಡು, ಮೂರು ಅಂತ ಪಟಪಟ ಏರಿಸಿದ್ದಾರೆ. ತಿರುವಿಗೆ ಬರುವಾಗ ಇಳಿಸಿಯೇ ಇಲ್ಲ.

ಹಾಗೆ ಯಾಕೆ ಮಾಡಿದರು? ಗಾಡಿ ಓಡಿಸಲು ಬರದವರಲ್ಲ, ವರ್ಷಗಟ್ಟಲೆ ಇದೇ ಬೆಟ್ಟದಲ್ಲಿ ಬುಲೆಟ್ ಓಡಿಸಿದವರು. ಅದೇ ಕಾರಣ. ಅಷ್ಟು ವರ್ಷ ಒಂದು ಸಿಲಿಂಡರ್ ಓಡಿಸಿದವರು ಗೇರ್ ಹಾಕುವುದು ಮೀಟರ್ ನೋಡಿ ಅಲ್ಲ, ಕಿವಿಯಿಂದ. ಕ್ಲಾಸಿಕ್ 350 ಅತಿ ಹೆಚ್ಚು ಟಾರ್ಕ್ ಕೊಡುವುದು 4,000 ಆರ್‌ಪಿಎಂನಲ್ಲಿ. ಅಲ್ಲಿ ಸೆಕೆಂಡಿಗೆ 33 ಗುದ್ದು. ಅದರ ಶಕ್ತಿಯ ತುದಿ 6,100ರಲ್ಲಿ, ಆಗ 51 ಗುದ್ದು. ಆ ದನಿ ಬಂದರೆ ಬುಲೆಟ್ ಸವಾರನ ಎಡಗಾಲು ತಾನಾಗಿ ಮುಂದಿನ ಗೇರ್‌ಗೆ ಹೋಗುತ್ತೆ. ನಾಲ್ಕು ಸಿಲಿಂಡರ್‌ನಲ್ಲಿ ಸೆಕೆಂಡಿಗೆ 33 ಗುದ್ದು ಬರೋದು ಬರೀ 1,000 ಆರ್‌ಪಿಎಂನಲ್ಲಿ. ಅದು ಐಡಲ್‌ಗಿಂತ ಕಡಿಮೆ. ಅಂದರೆ ಗಾಡಿ ಸುಮ್ನೆ ನಿಂತು ಉಸಿರಾಡುತ್ತಿರುವಾಗಲೇ ಅದರ ದನಿ ಬುಲೆಟ್‌ನ ದುಡಿಮೆಯ ದನಿಯನ್ನು ದಾಟಿರುತ್ತೆ. ಭಾವನ ಕಿವಿ ಹೇಳಿದ್ದು "ಇಂಜಿನ್ ಸಾಕಷ್ಟು ತಿರುಗುತ್ತಿದೆ, ಗೇರ್ ಏರಿಸು". ಅವರು ಏರಿಸಿದರು.

ಗುದ್ದಿನ ಎಣಿಕೆ ಒಂದೇ ಅಲ್ಲ, ಅದು ಕೇಳಿಸುವ ರೀತಿಯೂ ಬೇರೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಗುದ್ದಿದ್ದರೆ ಕಿವಿ ಅದನ್ನು ಬಿಡಿಬಿಡಿಯಾಗಿ ಕೇಳುತ್ತೆ. ಅದಕ್ಕಿಂತ ಮೇಲೆ ಹೋದಂತೆ ಗುದ್ದುಗಳು ಕೂಡಿಕೊಂಡು ಒಂದು ಸ್ವರ ಆಗುತ್ತವೆ. ಕ್ಲಾಸಿಕ್ ಐಡಲ್‌ನಲ್ಲಿ ಸೆಕೆಂಡಿಗೆ ಒಂಬತ್ತು ಗುದ್ದಿನ ಆಸುಪಾಸು, ಅದಕ್ಕೇ ಡಗ್ ಡಗ್ ಅಂತ ಎಣಿಸಬಹುದು. ನಾಲ್ಕು ಸಿಲಿಂಡರ್‌ದು ಐಡಲ್‌ನಲ್ಲೇ ನಲವತ್ತರ ಹತ್ತಿರ, ಎಣಿಸಲು ಏನೂ ಸಿಗಲ್ಲ, ಬರೀ ಗುಂಯ್ ಅನ್ನೋ ಮೊರೆತ. ಅದೇ ಇಂಜಿನ್ 12,000ಕ್ಕೆ ಹೋದಾಗ ಸೆಕೆಂಡಿಗೆ 400 ಗುದ್ದು. ಆ ಚೀರುವ ದನಿ ಅಂತಾರಲ್ಲ, ಅದು ಇದೇ.

ನನ್ನ ಇಂಟರ್‌ಸೆಪ್ಟರ್‌ನ ಅಲೆ ನೋಡಲು ಇನ್ನೂ ಮಜವಾಗಿತ್ತು. ಗುದ್ದುಗಳು ಸಮವಾಗಿ ಬರುತ್ತಿರಲಿಲ್ಲ. ಒಂದು ಚಿಕ್ಕ ಅಂತರ, ಒಂದು ದೊಡ್ಡ ಅಂತರ, ಮತ್ತೆ ಚಿಕ್ಕದು, ಮತ್ತೆ ದೊಡ್ಡದು. 2,400 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ 50 ಮಿಲಿಸೆಕೆಂಡ್ ಬೇಕು. ಅದರಲ್ಲಿ ಮೊದಲ ಅಂತರ ಸುಮಾರು 19, ಎರಡನೆಯದು ಸುಮಾರು 31. ಇದು ಹಾಗೇ ಬರಬೇಕು, ಯಾಕೆಂದರೆ ಆ ಇಂಜಿನ್‌ನ ಎರಡು ಪಿಸ್ಟನ್‌ಗಳನ್ನು ಕ್ರ್ಯಾಂಕ್ ಮೇಲೆ 270 ಡಿಗ್ರಿ ಅಂತರದಲ್ಲಿ ಕೂರಿಸಿದ್ದಾರೆ. ಒಂದು ಉರಿದ 270 ಡಿಗ್ರಿಗೆ ಇನ್ನೊಂದು ಉರಿಯುತ್ತೆ, ಆಮೇಲೆ 450 ಡಿಗ್ರಿ ಖಾಲಿ. ಕಿವಿಗೆ ಇದು ಡುಡುಂ, ಡುಡುಂ ಅಂತ ಜೋಡಿಯಾಗಿ ಬೀಳುತ್ತೆ. ಎರಡು ಸಿಲಿಂಡರನ್ನು V ಆಕಾರದಲ್ಲಿ ಕೂರಿಸಿದ 90 ಡಿಗ್ರಿ ವಿ-ಟ್ವಿನ್ ಇಂಜಿನ್‌ನಲ್ಲೂ ಇದೇ 270-450ರ ಲಯ, ಅದಕ್ಕೇ ಕಣ್ಣು ಮುಚ್ಚಿ ಕೇಳಿದರೆ ಎರಡೂ ಒಂದೇ ಜಾತಿ ಅನಿಸುತ್ತೆ. ಸಿಲಿಂಡರ್‌ಗಳು ಅಕ್ಕಪಕ್ಕ ಇರುವ ಹಳೆ ಬ್ರಿಟಿಷ್ ಪ್ಯಾರಲಲ್ ಟ್ವಿನ್‌ಗಳಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಮೇಲೆ ಕೆಳಗೆ ಹೋಗುತ್ತಿದ್ದವು. ಉರಿಯುವುದು ಮಾತ್ರ ಸರದಿಯಲ್ಲಿ, ಸರಿಯಾಗಿ 360 ಡಿಗ್ರಿಗೊಮ್ಮೆ. ಕವಾಸಾಕಿ ನಿಂಜಾ 650ಯಲ್ಲಿ 180 ಡಿಗ್ರಿ ಕ್ರ್ಯಾಂಕ್, ಅಲ್ಲಿ ಅಂತರ 180 ಮತ್ತು 540. ಮೂರೂ ಎರಡು ಸಿಲಿಂಡರೇ, ಶಬ್ದ ಮೂರು ಥರ. ಹಾಗಾಗಿ ಬರೀ ಸಿಲಿಂಡರ್ ಎಣಿಸಿದರೆ ಶಬ್ದ ಗೊತ್ತಾಗಲ್ಲ, ಯಾವ ಅಂತರದಲ್ಲಿ ಉರಿಯುತ್ತೆ ಅನ್ನೋದನ್ನೂ ನೋಡಬೇಕು.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ಇವತ್ತಿಗೂ ಮೈಸೂರಿನ ಹಳೆ ಯೆಜ್ಡಿ 250ಗೆ ಎರಡು ಸಿಲಿಂಡರ್ ಅಂತ ವಾದ ಮಾಡುವವರಿದ್ದಾರೆ, ಎರಡು ಸೈಲೆನ್ಸರ್ ನೋಡಿ. ಸಿಲಿಂಡರ್ ಒಂದೇ ಮಾರಾಯ್ರೇ, ಹೊಗೆ ಹೋಗುವ ದಾರಿ ಎರಡು. ಅದು ಎರಡು ಸ್ಟ್ರೋಕ್ ಇಂಜಿನ್, ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತೆ. ಹಾಗಾಗಿ ಅಷ್ಟೇ ಆರ್‌ಪಿಎಂನಲ್ಲಿ ಬುಲೆಟ್‌ಗಿಂತ ದುಪ್ಪಟ್ಟು ಗುದ್ದು. ಮೇಲಿನ ಸೂತ್ರ ಅದಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತೆ.

ಸೈಲೆನ್ಸರ್ ಬದಲಾಯಿಸಿದರೆ ಈ ಲಯ ಬದಲಾಗಲ್ಲ. ದನಿ ದೊಡ್ಡದಾಗುತ್ತೆ, ಒರಟಾಗುತ್ತೆ, ಚೆಕ್‌ಪೋಸ್ಟ್‌ನಲ್ಲಿ ದಂಡ ಬೀಳುತ್ತೆ, ಅಷ್ಟೇ.

ಮತ್ತೆ ಪ್ರಕರಣಕ್ಕೆ. ಭಾವ ತಪ್ಪು ಗೇರ್‌ನಲ್ಲಿದ್ದರು, ಸರಿ. ಆದರೆ ಅವರ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. "ನಿನ್ನ ಗಾಡಿನೂ 650, ನಂದೂ 650. ನಿಂದು 47 ಕುದುರೆ, ನಂದು 87. ದುಪ್ಪಟ್ಟು ಹತ್ತಿರ. ಗೇರ್ ಯಾವುದಾದರೂ ಇರಲಿ, ದುಪ್ಪಟ್ಟು ಎಳೀಬೇಕು ಅಲ್ವಾ?"

ಇಲ್ಲ. ಇದನ್ನು ಪೆನ್ನು ಹಿಡಿದು ಕೂತು ಬಿಡಿಸಬೇಕಾಯಿತು.

ಟಾರ್ಕ್ ಅಂದರೆ ಇಂಜಿನ್ ತಿರುಚುವ ಬಲ. ಶಕ್ತಿ ಅಂದರೆ ಆ ಬಲವನ್ನು ನಿಮಿಷಕ್ಕೆ ಎಷ್ಟು ಸಲ ಸುತ್ತಿಸಿತು ಅನ್ನೋದರ ಲೆಕ್ಕ. ಇಂಟರ್‌ಸೆಪ್ಟರ್‌ನ ಗರಿಷ್ಠ ಟಾರ್ಕ್ 52 ನ್ಯೂಟನ್ ಮೀಟರ್, 5,000 ದಾಟಿದ ಸ್ವಲ್ಪ ಹೊತ್ತಿಗೆ. ಭಾವನ ಗಾಡಿಯದು 57ರ ಆಸುಪಾಸು, 8,500ರಲ್ಲಿ. ನೋಡಿ, ಟಾರ್ಕ್‌ನಲ್ಲಿ ವ್ಯತ್ಯಾಸ ಬಹಳ ಕಡಿಮೆ. ಸಿಲಿಂಡರ್ ಎರಡಿರಲಿ ನಾಲ್ಕಿರಲಿ, ಒಟ್ಟು 650 ಸಿಸಿ ಗಾಳಿ ಸೇದಿ ಉರಿಸಿದರೆ ಸಿಗುವ ಗುದ್ದಿನ ಮೊತ್ತ ಹೆಚ್ಚು ಕಡಿಮೆ ಅಷ್ಟೇ. ಶಕ್ತಿ ದುಪ್ಪಟ್ಟಾಗುವುದು ಬರೀ ಆರ್‌ಪಿಎಂನಿಂದ. ನನ್ನದು 7,250ರ ಹತ್ತಿರ ತನ್ನ ತುದಿ ಮುಟ್ಟುತ್ತೆ. ಅವರದ್ದು 12,000ದವರೆಗೆ ಹೋಗುತ್ತೆ.

ನನ್ನದು ಯಾಕೆ 12,000ಕ್ಕೆ ಹೋಗಲ್ಲ? ಇದಕ್ಕೆ ಉತ್ತರ ಪಿಸ್ಟನ್ ಓಡುವ ದೂರದಲ್ಲಿದೆ. ಕ್ಲಾಸಿಕ್‌ನ ಬೋರ್, ಅಂದರೆ ಸಿಲಿಂಡರಿನ ಅಗಲ, 72 ಮಿಲಿಮೀಟರ್, ಸ್ಟ್ರೋಕ್ 85.8. ಇಂಟರ್‌ಸೆಪ್ಟರ್ 78 ಮತ್ತು 67.8. ಭಾವನ ನಾಲ್ಕು ಸಿಲಿಂಡರ್ 67 ಮತ್ತು 46. ಸ್ಟ್ರೋಕ್ ಅಂದರೆ ಪಿಸ್ಟನ್ ಒಂದು ಸಲಕ್ಕೆ ಓಡುವ ದೂರ. ಒಂದು ಸುತ್ತಿಗೆ ಅದು ಮೇಲೂ ಹೋಗಿ ಕೆಳಗೂ ಬರುತ್ತೆ. ಈಗ ಮೂರೂ ಇಂಜಿನ್ ತಮ್ಮ ಶಕ್ತಿಯ ತುದಿಯಲ್ಲಿದ್ದಾಗ ಪಿಸ್ಟನ್‌ನ ಸರಾಸರಿ ವೇಗ ಎಷ್ಟು ಅಂತ ಹಾಕಿದೆ. ಕ್ಲಾಸಿಕ್ 6,100ರಲ್ಲಿ ಸೆಕೆಂಡಿಗೆ 17.4 ಮೀಟರ್. ಇಂಟರ್‌ಸೆಪ್ಟರ್ 7,250ರಲ್ಲಿ 16.4. ನಾಲ್ಕು ಸಿಲಿಂಡರ್ 12,000ದಲ್ಲಿ 18.4. ಮೂರೂ ಹೆಚ್ಚು ಕಡಿಮೆ ಒಂದೇ! ಈ ಲೆಕ್ಕ ನನಗೆ ಎಷ್ಟು ಸಲ ಮಾಡಿದರೂ ಖುಷಿ ಕೊಡುತ್ತೆ. 12,000ಕ್ಕೆ ಹೋದ ಇಂಜಿನ್ ಹುಚ್ಚಾಪಟ್ಟೆ ಓಡುತ್ತಿದೆ ಅಂತ ಕಿವಿ ಹೇಳುತ್ತೆ, ಆದರೆ ಒಳಗೆ ಪಿಸ್ಟನ್ ಓಡುವ ಸರಾಸರಿ ವೇಗ 6,100ರಲ್ಲಿರುವ ಬುಲೆಟ್‌ನದ್ದಕ್ಕಿಂತ ಬಹಳ ಬೇರೆ ಏನಿಲ್ಲ. ದೂರ ಕಡಿಮೆ, ಪಿಸ್ಟನ್ ಹಗುರ, ವಾಲ್ವ್‌ಗಳೂ ಚಿಕ್ಕವು, ಅದಕ್ಕೇ ಅಷ್ಟು ಸುತ್ತು ತಾಳುತ್ತೆ. ನನ್ನ ಇಂಜಿನ್ನನ್ನು 12,000ಕ್ಕೆ ಎಳೆದರೆ ಪಿಸ್ಟನ್ ವೇಗ 27 ಮೀಟರ್ ದಾಟುತ್ತೆ, ಕನೆಕ್ಟಿಂಗ್ ರಾಡ್ ಹೊರಗೆ ಬಂದು ನಮಸ್ಕಾರ ಹೇಳುತ್ತೆ.

ಈಗ ಬೆಟ್ಟದ ಲೆಕ್ಕ. 5,000 ಆರ್‌ಪಿಎಂನಲ್ಲಿ ನಮ್ಮಿಬ್ಬರ ಗಾಡಿಗಳ ಟಾರ್ಕ್ ಹತ್ತಿರ ಹತ್ತಿರ ಇರುತ್ತೆ, ಹಾಗಾಗಿ ಶಕ್ತಿಯೂ ಹತ್ತಿರವೇ. 52 ನ್ಯೂಟನ್ ಮೀಟರ್ ಅನ್ನು 5,000ದಿಂದ ಗುಣಿಸಿ 9,549ರಿಂದ ಭಾಗಿಸಿದರೆ 27 ಕಿಲೋವ್ಯಾಟ್, ಅಂದರೆ 36-37 ಕುದುರೆ. ಅಷ್ಟೇ. ಅಲ್ಲಿ ಭಾವನ ಹತ್ತಿರ 87 ಇಲ್ಲ. ಅವರ ಹೆಚ್ಚುವರಿ ಕುದುರೆಗಳೆಲ್ಲ ಇರುವುದು 7,000ದಿಂದ ಮೇಲೆ. ಒಂದನೇ ಗೇರ್‌ನಲ್ಲಿ 7,000 ಅಂದರೆ ಆ ಗಾಡಿ 55 ಕಿಲೋಮೀಟರ್ ದಾಟಿರುತ್ತೆ. ಮುಳ್ಳಯ್ಯನಗಿರಿಯ ಆ ತಿರುವುಗಳಲ್ಲಿ, ಎದುರಿಗೆ ಟೂರಿಸ್ಟ್ ಜೀಪು ಬರುವ ರಸ್ತೆಯಲ್ಲಿ, 55ರಲ್ಲಿ ಹೋಗುವವರು ಯಾರು? ಅಂದರೆ ದುಡ್ಡು ಕೊಟ್ಟ ಕುದುರೆಗಳಲ್ಲಿ ಅರ್ಧಕ್ಕರ್ಧ ಆ ರಸ್ತೆಗೆ ಬರುವುದೇ ಇಲ್ಲ.

ಇನ್ನು 1,650ರಲ್ಲಿ ಪರಿಸ್ಥಿತಿ ಮತ್ತೂ ಕಷ್ಟ. ಆ ಇಂಜಿನ್‌ನ ಗಾಳಿ ಹೋಗುವ ದಾರಿ, ವಾಲ್ವ್ ತೆರೆದಿರುವ ಸಮಯ ಎಲ್ಲವನ್ನೂ ಮೇಲಿನ ಆರ್‌ಪಿಎಂಗೆ ಹೊಂದಿಸಿದ್ದಾರೆ. ಕೆಳಗೆ ಗಾಳಿ ನಿಧಾನಕ್ಕೆ ಹೋಗುತ್ತೆ, ಸಿಲಿಂಡರ್ ಪೂರ್ತಿ ತುಂಬಲ್ಲ. ಅದರ ಮೇಲೆ ಮೂರನೇ ಗೇರ್. ಒಂದನೇ ಗೇರ್‌ನಲ್ಲಿದ್ದರೆ ಅದೇ ಟಾರ್ಕ್‌ಗೆ ಚಕ್ರದ ಮೇಲೆ ಸುಮಾರು 1.6 ಪಟ್ಟು ಬಲ ಸಿಗುತ್ತಿತ್ತು, ಜೊತೆಗೆ ಆರ್‌ಪಿಎಂ 2,700ಕ್ಕೆ ಏರುತ್ತಿತ್ತು. ಎರಡೂ ಕೈಬಿಟ್ಟಿದ್ದಾರೆ.

ಆದರೂ ಬುಲೆಟ್ ಆಗಿದ್ದರೆ ಆಫ್ ಆಗುತ್ತಿತ್ತಾ? ಬಹುಶಃ ಅಷ್ಟು ಸುಲಭಕ್ಕೆ ಇಲ್ಲ. ಒಂದು ಸಿಲಿಂಡರ್ ಇಂಜಿನ್ ಒಮ್ಮೆ ಉರಿದರೆ ಮುಂದಿನ ಉರಿಯವರೆಗೆ ಎರಡು ಸುತ್ತು ಕಾಯಬೇಕು. ಆ ಎರಡು ಸುತ್ತಿನಲ್ಲಿ ಹೊಗೆ ತಳ್ಳಬೇಕು, ಗಾಳಿ ಎಳೆಯಬೇಕು, ಅದನ್ನು ಒತ್ತಬೇಕು. ಅಲ್ಲಿಯವರೆಗೆ ಇಂಜಿನ್ನನ್ನು ತಿರುಗಿಸುವುದು ಫ್ಲೈವೀಲ್‌ನ ತೂಕ. ಅದಕ್ಕೇ ಭಾರದ ಫ್ಲೈವೀಲ್ ಹಾಕುತ್ತಾರೆ, ಕುಂಬಾರನ ತಿಗರಿಯ ಹಾಗೆ ಒಮ್ಮೆ ತಿರುಗಿಸಿದರೆ ತನ್ನ ಭಾರಕ್ಕೇ ತಿರುಗುತ್ತಾ ಇರುತ್ತೆ. ನಾಲ್ಕು ಸಿಲಿಂಡರ್‌ನಲ್ಲಿ ಪ್ರತಿ ಅರ್ಧ ಸುತ್ತಿಗೂ ಯಾವುದಾದರೂ ಒಂದು ಸಿಲಿಂಡರ್ ಉರಿಯುತ್ತೆ, ಕಾಯುವ ಹೊತ್ತೇ ಇಲ್ಲ. ಹಾಗಾಗಿ ತಿರುಗುವ ಭಾಗಗಳು ಹಗುರ. ಆಕ್ಸಿಲರೇಟರ್ ತಿರುವಿದರೆ ಮೀಟರ್ ಮುಳ್ಳು ಛಂಗನೆ ಏರುತ್ತೆ, ಬಿಟ್ಟರೆ ಛಂಗನೆ ಬೀಳುತ್ತೆ. ಭಾವ ತಿರುವಿನ ನಡುವೆ ಎದುರು ಜೀಪು ಕಂಡು ಆಕ್ಸಿಲರೇಟರ್ ಬಿಟ್ಟರು, ವೇಗ 15ಕ್ಕೆ ಇಳಿಯಿತು. ಮೂರನೇ ಗೇರ್‌ನಲ್ಲಿ 15 ಅಂದರೆ 1,130 ಆರ್‌ಪಿಎಂ, ಐಡಲ್‌ಗಿಂತ ಕೆಳಗೆ. ಅಲ್ಲಿಂದ ಎತ್ತಿ ಹಿಡಿಯಲು ಭಾರವೂ ಇಲ್ಲ, ಟಾರ್ಕೂ ಇಲ್ಲ. ಆಫ್. ಕ್ಲಚ್ ಎಳೆದು ಎಳೆದು ಸಂಭಾಳಿಸಿದ್ದ ತಿರುವುಗಳಲ್ಲಿ ಕ್ಲಚ್ ಕಾದಿದೆ, ಆ ವಾಸನೆ ಅಲ್ಲಿಂದ ಬಂದಿದ್ದು.

ಇನ್ನೊಂದು ವಿಷಯ ನನಗೆ ಆಡಿಯೋ ಕೇಳುವಾಗಲೇ ಹೊಳೆದಿದ್ದು. ಬುಲೆಟ್ಟನ್ನು ತಪ್ಪು ಗೇರ್‌ನಲ್ಲಿ ಎಳೆದರೆ ಅದು ಕೂಗಿ ಹೇಳುತ್ತೆ. ಚೈನ್ ಟಕಟಕ ಹೊಡೆಯುತ್ತೆ, ಸೀಟು ಕುಲುಕುತ್ತೆ, ಒಂದೊಂದು ಗುದ್ದೂ ಬೆನ್ನಿಗೆ ಬೀಳುತ್ತೆ. ಸವಾರ ತಾನಾಗಿ ಗೇರ್ ಇಳಿಸುತ್ತಾನೆ. 270 ಡಿಗ್ರಿ ಟ್ವಿನ್ ಕೂಡ 2,000ದ ಕೆಳಗೆ ಎಳೆದರೆ ಸ್ವಲ್ಪ ಕುಂಟುತ್ತೆ, ಆ ದೊಡ್ಡ ಅಂತರ ಇದೆಯಲ್ಲ, ಅದು ಕಾಲಿಗೆ ಗೊತ್ತಾಗುತ್ತೆ. ನಾಲ್ಕು ಸಿಲಿಂಡರ್ ಮಾತ್ರ ಏನೂ ಹೇಳಲ್ಲ. 1,650ರಲ್ಲೂ ನಯವಾಗಿ ಮೊರೆಯುತ್ತಾ ಇರುತ್ತೆ, 1,300ರಲ್ಲೂ ಅಷ್ಟೇ ನಯ, ಆಮೇಲೆ ಒಮ್ಮೆಲೇ ನಿಂತು ಹೋಗುತ್ತೆ. ನಯ ಅನ್ನೋದು ಹೆದ್ದಾರಿಯಲ್ಲಿ ಸುಖ. ಈ ಬೆಟ್ಟದಲ್ಲಿ ಅದೇ ಎಚ್ಚರಿಕೆಯನ್ನು ನುಂಗಿಬಿಟ್ಟಿತು.

ಭಾವ ಇನ್ನೊಂದು ಮಾತು ಹೇಳಿದರು. "5,000 ದಾಟಿದರೆ ಹ್ಯಾಂಡಲ್, ಫುಟ್‌ರೆಸ್ಟ್ ಎಲ್ಲ ಜುಮ್ ಅನ್ನುತ್ತೆ ಕಣೋ, ಇಂಜಿನ್‌ಗೆ ಹಿಂಸೆ ಆಗ್ತಿದೆ ಅಂತ ಗೇರ್ ಏರಿಸಿಬಿಡ್ತೀನಿ." ಇದೂ ಬುಲೆಟ್ ಕಲಿಸಿದ ಪಾಠವೇ. ಒಂದು ಸಿಲಿಂಡರ್‌ನಲ್ಲಿ ದೊಡ್ಡ ಪಿಸ್ಟನ್ ಒಂದೇ ಮೇಲೆ ಕೆಳಗೆ ಬಡಿಯುತ್ತೆ, ಅದರ ಎದುರಿಗೆ ಇನ್ನೊಂದಿಲ್ಲ. ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲದ ಹಳೆ ಬುಲೆಟ್‌ಗಳಲ್ಲಿ ಮೇಲಿನ ಆರ್‌ಪಿಎಂನಲ್ಲಿ ನಡುಕ ಬಂದರೆ ಸಾಕು ಮಾಡು ಅಂತಲೇ ಅರ್ಥ. ನಾಲ್ಕು ಸಿಲಿಂಡರ್‌ನಲ್ಲಿ ಕಥೆ ಬೇರೆ. ಹೊರಗಿನ ಎರಡು ಪಿಸ್ಟನ್ ಮೇಲೆ ಹೋದರೆ ಒಳಗಿನ ಎರಡು ಕೆಳಗೆ ಬರುತ್ತವೆ, ದೊಡ್ಡ ಬಡಿತ ಅಲ್ಲೇ ವಜಾ. ಆದರೆ ಪೂರ್ತಿ ವಜಾ ಆಗಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ಸಿಲಿಂಡರಿನ ಮೇಲಿನ ಅರ್ಧದಲ್ಲಿ ಸ್ವಲ್ಪ ಬೇಗ, ಕೆಳಗಿನ ಅರ್ಧದಲ್ಲಿ ಸ್ವಲ್ಪ ನಿಧಾನ ಹೋಗುತ್ತೆ. ಆ ಚಿಕ್ಕ ವ್ಯತ್ಯಾಸ ನಾಲ್ಕರಲ್ಲೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತೆ, ಸುತ್ತಿಗೆ ಎರಡು ಸಲ. 5,500 ಆರ್‌ಪಿಎಂ ಅಂದರೆ ಸೆಕೆಂಡಿಗೆ 180ಕ್ಕಿಂತ ಜಾಸ್ತಿ ಸಣ್ಣ ಕಂಪನ. ಅದೇ ಕೈಗೆ ಬರುವ ಜುಮ್. ಇಂಜಿನ್‌ಗೆ ಅದು ಹಿಂಸೆ ಅಲ್ಲ, ಹುಟ್ಟುಗುಣ. 270 ಡಿಗ್ರಿ ಟ್ವಿನ್‌ನಲ್ಲಿ ಈ ಸಣ್ಣ ಕಂಪನ ಒಂದಕ್ಕೊಂದು ಎದುರಾಗಿ ಹೋಗುತ್ತೆ, ಉಳಿಯುವ ದೊಡ್ಡ ಬಡಿತಕ್ಕೆ ಬ್ಯಾಲೆನ್ಸರ್ ಶಾಫ್ಟ್ ಹಾಕಿರುತ್ತಾರೆ.

ಪರೀಕ್ಷೆಗೆ ಮತ್ತೆ ಅದೇ ರಸ್ತೆಗೆ ಹೋದೆವು, ಈ ಸಲ ವಾರದ ನಡುವೆ, ಜನ ಕಡಿಮೆ ಇರುವಾಗ. ನಾನು ಹೇಳಿದ್ದು ಎರಡೇ ಮಾತು. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಕಿವಿಯನ್ನು ನಂಬಬೇಡಿ ಭಾವ, ಮೀಟರ್ ನೋಡಿ, 4,000ದ ಕೆಳಗೆ ಗೇರ್ ಏರಿಸಬೇಡಿ. ಹೇರ್‌ಪಿನ್‌ಗೆ ಬರುವ ಮೊದಲೇ, ಗಾಡಿ ನೆಟ್ಟಗಿರುವಾಗಲೇ, ಒಂದಕ್ಕೆ ಇಳಿಸಿ. ಮೊದಲ ತಿರುವಿನಲ್ಲಿ ಅವರಿಗೆ ಇಂಜಿನ್ ಕಿರುಚುತ್ತಿದೆ ಅನಿಸಿತಂತೆ. ಮೀಟರ್ ತೋರಿಸಿದ್ದು 2,800. ಗಾಡಿ ಒಂದೂ ಸಲ ಆಫ್ ಆಗಲಿಲ್ಲ.

ಆದರೆ ಹೊಸ ದೂರು ಬಂತು. ಒಂದನೇ ಗೇರ್‌ನಲ್ಲಿ ಆಕ್ಸಿಲರೇಟರ್ ಮುಚ್ಚಿ ತೆರೆದಾಗ ಗಾಡಿ ಜರ್ಕ್ ಹೊಡೆಯುತ್ತೆ. ಇದು ನಿಜ. ಹಗುರದ ಕ್ರ್ಯಾಂಕ್, ಜೊತೆಗೆ ಆಕ್ಸಿಲರೇಟರ್ ಪೂರ್ತಿ ಮುಚ್ಚಿದಾಗ ಇಂಜೆಕ್ಷನ್ ಪೆಟ್ರೋಲ್ ನಿಲ್ಲಿಸುತ್ತೆ, ತೆರೆದ ಕೂಡಲೇ ಮತ್ತೆ ಶುರು. ಆ ಗೆರೆ ದಾಟುವಾಗ ಚೈನ್‌ನ ಸಡಿಲ ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಎಳೆದುಕೊಳ್ಳುತ್ತೆ. ಚೈನ್ ಸ್ವಲ್ಪ ಸಡಿಲ ಇತ್ತು, ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿದೆ. ಉಳಿದಿದ್ದು ಕೈಯ ಕೆಲಸ: ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಬಾರದು, ಒಂದು ಕೂದಲೆಳೆಯಷ್ಟು ತೆರೆದೇ ಇಟ್ಟು ವೇಗವನ್ನು ಹಿಂದಿನ ಬ್ರೇಕ್‌ನಿಂದ ಹಿಡಿಯಬೇಕು. ನಾಲ್ಕಾರು ತಿರುವಿನಲ್ಲಿ ಅದು ಕೈಗೆ ಹತ್ತಿತು.

ಇಷ್ಟೆಲ್ಲ ಆದ ಮೇಲೂ ಆ ಬೆಟ್ಟಕ್ಕೆ ಕ್ಲಾಸಿಕ್ಕೇ ಸುಲಭ, ಅದರಲ್ಲಿ ಅನುಮಾನ ಇಲ್ಲ. ಅದರ ಕೆಲಸದ ಜಾಗ 2,500ರಿಂದ 4,500, ಆ ರಸ್ತೆಗೆ ಬೇಕಾಗುವುದೂ ಅಷ್ಟೇ. ಹಿಂತಿರುಗುವಾಗ ಚಿಕ್ಕಮಗಳೂರು ದಾಟಿ ಬೇಲೂರು ರಸ್ತೆಗೆ ಬಿದ್ದ ಮೇಲೆ ಲಾರಿ ಹಿಂದಿಕ್ಕಬೇಕಾದಾಗ ನೋಡಬೇಕಿತ್ತು. ಹುಡುಗ ಕ್ಲಾಸಿಕ್‌ನಲ್ಲಿ ಜಾಗಕ್ಕಾಗಿ ಕಾಯುತ್ತಿದ್ದ. ನಾನು ಮೂರನೇ ಗೇರ್‌ಗೆ ಇಳಿಸಿ ಒಂದೇ ಎಳೆತದಲ್ಲಿ ಹೋದೆ, ಆದರೆ 6,500ರ ಮೇಲೆ ನನ್ನದರಲ್ಲಿ ಹೊಸದೇನೂ ಸಿಗಲ್ಲ, ಗೇರ್ ಏರಿಸಲೇಬೇಕು. ಭಾವ ಎರಡನೇ ಗೇರ್‌ನಲ್ಲೇ 6,000ದಲ್ಲಿದ್ದರು, ಅಲ್ಲಿಂದ ಆ ಇಂಜಿನ್‌ಗೆ ಇನ್ನೂ ಅರ್ಧ ದಾರಿ ಬಾಕಿ. ಶಬ್ದ 200 ಗುದ್ದಿನಿಂದ ಮೇಲೇರುತ್ತಾ ಹೋಯಿತು, ಲಾರಿ ಹಿಂದೆ ಬಿತ್ತು, ನಾವಿಬ್ಬರೂ ಹಿಂದೆ ಬಿದ್ದೆವು.

ಭಾವನ ಕೊನೆಯ ಕೋರಿಕೆ ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ದೊಡ್ಡದು ಹಾಕು ಅನ್ನೋದು, ಬೆಟ್ಟದಲ್ಲಿ ಎಳೆತ ಜಾಸ್ತಿ ಆಗಲಿ ಅಂತ. ಈಗ ಅದರಲ್ಲಿ 42 ಹಲ್ಲು ಇದೆ. 44 ಹಾಕಿದರೆ ಶೇಕಡಾ 5ರಷ್ಟು ಲಾಭ. ಎರಡರಿಂದ ಒಂದಕ್ಕೆ ಗೇರ್ ಇಳಿಸಿದರೆ ಶೇಕಡಾ 30ರಷ್ಟು, ಅದೂ ಪುಕ್ಕಟೆ. ಹಾಗಾಗಿ ಬೇಡ ಅಂದೆ. ಹೊಸ ಕ್ಲಚ್ ಲಿವರ್ ಮಾತ್ರ ಹಾಕಿ ಗಾಡಿ ಕೊಟ್ಟು ಕಳಿಸಿದೆ.